ಹುಟ್ಟಿದ ದಿನಾಂಕ ಇದ್ದರೆ ಮುಂದಿನ ಹುಟ್ಟುಹಬ್ಬ ಯಾವಾಗ, ಇನ್ನೆಷ್ಟು ದಿನ? ಎಕ್ಸೆಲ್‌ನಲ್ಲಿ ತಪ್ಪಿಲ್ಲದೆ ಲೆಕ್ಕ ಹಾಕುವ ಬಗೆ

ಗ್ರಂಥಾಲಯದ ಸೂಚನಾ ಫಲಕಕ್ಕೆ ಸಾಹಿತಿಗಳ ಜನ್ಮದಿನದ ಪಟ್ಟಿ ಮಾಡುವವರು, ಶಾಲೆಯಲ್ಲಿ ಮಕ್ಕಳ ಹುಟ್ಟುಹಬ್ಬ ನೆನಪಿಡಬೇಕಾದ ಮೇಷ್ಟ್ರು, ಕಚೇರಿಯಲ್ಲಿ ಸಿಬ್ಬಂದಿಯ ವಿವರ ನೋಡಿಕೊಳ್ಳುವವರು, ಎಲ್ಲರಿಗೂ ಬೇಕಾಗುವುದು ಒಂದೇ. ಒಂದು ಕಾಲಂನಲ್ಲಿ ಹುಟ್ಟಿದ ದಿನಾಂಕಗಳಿವೆ. ಪಕ್ಕದ ಕಾಲಂನಲ್ಲಿ ಮುಂದಿನ ಹುಟ್ಟುಹಬ್ಬದ ದಿನಾಂಕ ಬರಬೇಕು, ಅದರಾಚೆ ಇನ್ನೆಷ್ಟು ದಿನ ಉಳಿದಿದೆ ಎಂಬ ಸಂಖ್ಯೆ ಬರಬೇಕು, ಮರುದಿನ ಫೈಲ್ ತೆರೆದಾಗ ಆ ಸಂಖ್ಯೆ ತಾನಾಗಿಯೇ ಒಂದು ಕಡಿಮೆಯಾಗಿರಬೇಕು. ಲೆಕ್ಕ ಚಿಕ್ಕದು. ಆದರೆ ತಪ್ಪಿದರೂ ಪರದೆಯ ಮೇಲೆ ಸರಿಯಾಗಿಯೇ ಕಾಣುವ ಲೆಕ್ಕ ಇದು. ಅದಕ್ಕೇ ಒಂದೊಂದೇ ಹೆಜ್ಜೆ ಬಿಡಿಸಿ ನೋಡುವುದು ಒಳ್ಳೆಯದು.

ಉದಾಹರಣೆಗೆ ಎಲ್ಲರಿಗೂ ಗೊತ್ತಿರುವ ಕೆಲವು ದಿನಾಂಕಗಳನ್ನೇ ತೆಗೆದುಕೊಳ್ಳೋಣ. ಕುವೆಂಪು ಹುಟ್ಟಿದ್ದು 29-12-1904ರಂದು, ಯು.ಆರ್. ಅನಂತಮೂರ್ತಿ 21-12-1932ರಂದು, ಗಿರೀಶ್ ಕಾರ್ನಾಡ್ 19-05-1938ರಂದು, ಪೂರ್ಣಚಂದ್ರ ತೇಜಸ್ವಿ 08-09-1938ರಂದು. ಹೆಸರುಗಳು A ಕಾಲಂನಲ್ಲಿ, ದಿನಾಂಕಗಳು B ಕಾಲಂನಲ್ಲಿ, ಮೊದಲ ಸಾಲು ಶೀರ್ಷಿಕೆಗೆ. ಕುವೆಂಪು ಅವರದು ಎರಡನೇ ಸಾಲು, ಅಂದರೆ B2.

ಮೊದಲು ಅನೇಕರು ಹಿಡಿಯುವ ಅಡ್ಡದಾರಿಯ ಮಾತು. ವರ್ಷಕ್ಕೆ 365 ದಿನ ತಾನೇ, ಹುಟ್ಟಿದಂದಿನಿಂದ ಇಂದಿನವರೆಗಿನ ಒಟ್ಟು ದಿನಗಳನ್ನು 365ರಿಂದ ಭಾಗಿಸಿ, ಶೇಷವನ್ನು 365ರಲ್ಲಿ ಕಳೆದರೆ ಉಳಿದ ದಿನ ಸಿಗಬೇಕಲ್ಲ ಎಂದು ಅನ್ನಿಸುತ್ತದೆ. ಇಂದು 2025ರ ಡಿಸೆಂಬರ್ 20 ಎಂದಿಟ್ಟುಕೊಂಡು ಕುವೆಂಪು ಅವರ ಸಾಲಿನಲ್ಲಿ ಹೀಗೆ ಮಾಡಿದರೆ ಉತ್ತರ 344 ಬರುತ್ತದೆ. ಆದರೆ ಡಿಸೆಂಬರ್ 29ಕ್ಕೆ ಇರುವುದು ಒಂಬತ್ತೇ ದಿನ! 1904ರಿಂದ ಈಚೆಗೆ 1908, 1912 ಎನ್ನುತ್ತಾ 2024ರವರೆಗೆ ಮೂವತ್ತು ಅಧಿಕ ವರ್ಷಗಳು ಬಂದು ಹೋಗಿವೆ, ಮೂವತ್ತು ದಿನ ಹೆಚ್ಚುವರಿ ಸೇರಿವೆ. ಲೆಕ್ಕ ಅಷ್ಟು ದಿನ ಸರಿದುಬಿಟ್ಟಿದೆ. 365ರ ಬದಲು 365.25 ಹಾಕಿದರೆ 9.25 ಬರುತ್ತದೆ. ಹತ್ತಿರ ಬಂತು ಎಂದು ಸಮಾಧಾನಪಡುವ ಹಾಗಿಲ್ಲ. ಆ ಕಾಲು ದಿನ ಕೆಲವು ಸಾಲುಗಳಲ್ಲಿ ಒಂದು ದಿನದ ವ್ಯತ್ಯಾಸವಾಗುತ್ತದೆ, ಹುಟ್ಟುಹಬ್ಬದ ವಿಷಯದಲ್ಲಿ ಒಂದು ದಿನ ತಪ್ಪಿದರೂ ತಪ್ಪೇ. ಹಾಗಾಗಿ ದಿನಗಳನ್ನು ಭಾಗಿಸುವ ದಾರಿಯನ್ನು ಪೂರ್ತಿ ಬಿಡಿ. ಹುಟ್ಟುಹಬ್ಬ ಎನ್ನುವುದು ತಿಂಗಳು ಮತ್ತು ತಾರೀಖಿನ ಸಂಗತಿ. ಅವೆರಡನ್ನು ಹಿಡಿದುಕೊಂಡು ವರ್ಷವನ್ನು ಮಾತ್ರ ಬದಲಾಯಿಸಬೇಕು.

ಕೈಲೆಕ್ಕದಲ್ಲಿ ನಾವು ಮಾಡುವುದೂ ಅದನ್ನೇ. ಈ ವರ್ಷದ ಹುಟ್ಟುಹಬ್ಬ ಯಾವತ್ತು ಎಂದು ನೋಡುತ್ತೇವೆ. ಅದು ಆಗಿಹೋಗಿದ್ದರೆ ಮುಂದಿನ ವರ್ಷದ್ದು, ಆಗಿಲ್ಲದಿದ್ದರೆ ಈ ವರ್ಷದ್ದೇ. ಸೂತ್ರಕ್ಕೂ ಇಷ್ಟನ್ನೇ ಹೇಳಿಕೊಡಬೇಕು.

ಮೊದಲು H1 ಕೋಶದಲ್ಲಿ ಇಂದಿನ ದಿನಾಂಕ ಇಟ್ಟುಕೊಳ್ಳಿ:

```
=TODAY()
```

ಪ್ರತಿ ಸೂತ್ರದಲ್ಲೂ TODAY() ಬರೆಯುವ ಬದಲು ಒಂದೇ ಕೋಶದಲ್ಲಿಡುವುದಕ್ಕೆ ಕಾರಣವಿದೆ. ಸೂತ್ರ ಸರಿಯಿದೆಯೇ ಎಂದು ಪರೀಕ್ಷಿಸಬೇಕಾದಾಗ H1ರಲ್ಲಿ ಬೇರೆ ದಿನಾಂಕ ಟೈಪ್ ಮಾಡಿದರೆ ಸಾಕು, ಇಡೀ ಪಟ್ಟಿ ಅಂದಿನ ದಿನಕ್ಕೆ ಹೋಗಿ ನಿಲ್ಲುತ್ತದೆ. ಪರೀಕ್ಷೆ ಮುಗಿದ ಮೇಲೆ =TODAY() ಮತ್ತೆ ಹಾಕುವುದನ್ನು ಮಾತ್ರ ಮರೆಯಬಾರದು. ಇನ್ನೊಂದು ಎಚ್ಚರಿಕೆ: ಇಲ್ಲಿ NOW() ಬಳಸಬೇಡಿ. NOW() ದಿನಾಂಕದ ಜೊತೆ ಗಂಟೆ ನಿಮಿಷವನ್ನೂ ತರುತ್ತದೆ. ಹುಟ್ಟುಹಬ್ಬದ ದಿನ ಬೆಳಿಗ್ಗೆ ಹತ್ತು ಗಂಟೆಗೆ ಫೈಲ್ ತೆರೆದರೆ, ಆ ದಿನದ ಮಧ್ಯರಾತ್ರಿ ಕಳೆದು ಹತ್ತು ಗಂಟೆಯಾಗಿದೆ, ಹಬ್ಬ ಮುಗಿದುಹೋಗಿದೆ ಎಂದುಕೊಂಡು ಸೂತ್ರ ಮುಂದಿನ ವರ್ಷಕ್ಕೆ ಜಿಗಿಯುತ್ತದೆ.

ಈಗ C2ರಲ್ಲಿ ಈ ವರ್ಷದ ಹುಟ್ಟುಹಬ್ಬ, D2ರಲ್ಲಿ ಮುಂದಿನ ಹುಟ್ಟುಹಬ್ಬ, E2ರಲ್ಲಿ ಉಳಿದ ದಿನ. ಮೂರು ಸೂತ್ರಗಳು ಕ್ರಮವಾಗಿ ಹೀಗೆ:

```
=DATE(YEAR($H$1),MONTH(B2),DAY(B2))
=IF(C2<$H$1,DATE(YEAR($H$1)+1,MONTH(B2),DAY(B2)),C2)
=D2-$H$1
```

DATE ಎಂಬುದು ವರ್ಷ, ತಿಂಗಳು, ತಾರೀಖು ಮೂರನ್ನು ಜೋಡಿಸಿ ಒಂದು ದಿನಾಂಕ ಕಟ್ಟಿಕೊಡುತ್ತದೆ. ವರ್ಷ ಇಂದಿನ ದಿನಾಂಕದಿಂದ, ಉಳಿದೆರಡು ಹುಟ್ಟಿದ ದಿನಾಂಕದಿಂದ. H1ರ ಅಕ್ಷರಕ್ಕೂ ಅಂಕಿಗೂ ಹಿಂದೆ ಡಾಲರ್ ಚಿಹ್ನೆ ಇರಲೇಬೇಕು. ಇಲ್ಲದಿದ್ದರೆ ಸೂತ್ರವನ್ನು ಕೆಳಕ್ಕೆ ಎಳೆದಾಗ H1 ಹೋಗಿ H2, H3 ಆಗುತ್ತದೆ, ಅಲ್ಲಿ ಏನೂ ಇರುವುದಿಲ್ಲ.

H1ರಲ್ಲಿ 20-12-2025 ಎಂದು ಟೈಪ್ ಮಾಡಿ ನೋಡಿ. ಕುವೆಂಪು ಅವರ ಸಾಲಿನಲ್ಲಿ C2 ಮತ್ತು D2 ಎರಡೂ 29-12-2025, ಉಳಿದದ್ದು 9 ದಿನ. ಅನಂತಮೂರ್ತಿ ಅವರದು ಮರುದಿನವೇ, ಹಾಗಾಗಿ 1. ಕಾರ್ನಾಡರ ಸಾಲಿನಲ್ಲಿ C ಕಾಲಂ 19-05-2025 ತೋರಿಸುತ್ತದೆ. ಅದು ಕಳೆದುಹೋಗಿರುವುದರಿಂದ D ಕಾಲಂ 19-05-2026ಕ್ಕೆ ಹೋಗುತ್ತದೆ, ಉಳಿದದ್ದು 150 ದಿನ. ತೇಜಸ್ವಿ ಅವರದು 08-09-2026, ಉಳಿದದ್ದು 262.

ಎರಡನೇ ಸೂತ್ರದಲ್ಲಿರುವ < ಚಿಹ್ನೆಯ ಮೇಲೆ ಸ್ವಲ್ಪ ನಿಲ್ಲೋಣ. ಅದರ ಜಾಗದಲ್ಲಿ <= ಹಾಕಿದರೂ ವರ್ಷದ 364 ದಿನ ಎಲ್ಲವೂ ಸರಿಯಾಗಿಯೇ ಇರುತ್ತದೆ. ಕೆಡುವುದು ಹುಟ್ಟುಹಬ್ಬದ ದಿನವೇ. H1ರಲ್ಲಿ 29-12-2025 ಹಾಕಿದಾಗ < ಇರುವ ಸೂತ್ರ 0 ದಿನ ಎನ್ನುತ್ತದೆ, ಅಂದರೆ ಇಂದೇ. <= ಇದ್ದರೆ 365 ದಿನ ಎನ್ನುತ್ತದೆ. ನೆನಪಿಸಬೇಕಾದ ದಿನವೇ ಹೆಸರು ಪಟ್ಟಿಯ ತಳಕ್ಕೆ ಹೋಗಿಬಿಡುತ್ತದೆ. ಹೀಗಾಗಿ ಯಾವ ಸೂತ್ರವನ್ನೇ ಎಲ್ಲಿಂದಲೇ ತಂದು ಹಾಕಿದರೂ ಮೂರು ದಿನಾಂಕಗಳಲ್ಲಿ ಪರೀಕ್ಷಿಸಿ: ಹುಟ್ಟುಹಬ್ಬದ ಹಿಂದಿನ ದಿನ, ಅದೇ ದಿನ, ಮರುದಿನ. 28, 29, 30ಕ್ಕೆ ಕ್ರಮವಾಗಿ 1, 0, 364 ಬಂದರೆ ಸೂತ್ರ ನಂಬಬಹುದು.

ಇಷ್ಟರಲ್ಲಿ ಒಂದು ವಿಚಿತ್ರ ಕಂಡಿರಬಹುದು. E2ರಲ್ಲಿ 9 ಬರಬೇಕಾದಲ್ಲಿ 09-01-1900 ಎಂದು ಬಂದಿದ್ದರೆ ಲೆಕ್ಕ ತಪ್ಪಿಲ್ಲ. ಎಕ್ಸೆಲ್ ಒಳಗೆ ದಿನಾಂಕ ಎನ್ನುವುದು ಬರಿಯ ಎಣಿಕೆ. 1900ರ ಜನವರಿ 1 ಎಂದರೆ 1, ಅಲ್ಲಿಂದ ದಿನಕ್ಕೊಂದು ಏರುತ್ತದೆ. 1947ರ ಆಗಸ್ಟ್ 15 ಎಂದರೆ 17394. ಎರಡು ದಿನಾಂಕಗಳನ್ನು ಕಳೆದಾಗ ಬಂದ 9 ಎಂಬ ಸಂಖ್ಯೆಯನ್ನು ಎಕ್ಸೆಲ್ ದಿನಾಂಕದ ರೂಪದಲ್ಲೇ ತೋರಿಸಿದೆ, ಅಷ್ಟೇ. ಕಾಲಂ ಆಯ್ದು Ctrl+1 ಒತ್ತಿ General ಆರಿಸಿದರೆ 9 ಕಾಣುತ್ತದೆ. ತದ್ವಿರುದ್ಧವಾಗಿ D ಕಾಲಂನಲ್ಲಿ 46020 ರೀತಿಯ ಐದಂಕಿಯ ಸಂಖ್ಯೆ ಕಂಡರೆ ಅದೇ ಕಿಟಕಿಯಲ್ಲಿ Date ಆರಿಸಬೇಕು.

ಅದೇ ಕಿಟಕಿಯಲ್ಲಿ ಇನ್ನೂ ಒಂದು ಉಪಕಾರದ ಕೆಲಸ ಮಾಡಬಹುದು. ಉಳಿದ ದಿನ ಸೊನ್ನೆಯಾದಾಗ ‘ಇಂದು’ ಎಂದು, ಉಳಿದಾಗ ‘9 ದಿನ’ ಎಂದು ತೋರಿಸುವ ಆಸೆ ಎಲ್ಲರಿಗೂ ಇರುತ್ತದೆ. ಅದಕ್ಕಾಗಿ ಸೂತ್ರದಲ್ಲೇ & ಹಾಕಿ ‘ದಿನ’ ಎಂಬ ಪದ ಸೇರಿಸಿದರೆ ಆ ಕೋಶ ಪಠ್ಯವಾಗುತ್ತದೆ, ಆಮೇಲೆ ಏರಿಕೆ ಕ್ರಮದಲ್ಲಿ ಜೋಡಿಸಲು ಹೋದರೆ 150 ದಿನ ಮೇಲೆ, 9 ದಿನ ಕೆಳಗೆ ಬರುತ್ತದೆ. ಸಂಖ್ಯೆಯನ್ನು ಸಂಖ್ಯೆಯಾಗಿಯೇ ಬಿಟ್ಟು ತೋರಿಕೆ ಮಾತ್ರ ಬದಲಿಸಿ. Custom ಆರಿಸಿ Type ಪೆಟ್ಟಿಗೆಯಲ್ಲಿ ಇದನ್ನು ಹಾಕಿ:

```
0" ದಿನ";"ತಪ್ಪು";"ಇಂದು"
```

ಅರ್ಧವಿರಾಮಗಳ ನಡುವಿನ ಮೂರು ಭಾಗ ಧನ ಸಂಖ್ಯೆಗೆ, ಋಣ ಸಂಖ್ಯೆಗೆ, ಸೊನ್ನೆಗೆ. ಉಳಿದ ದಿನ ಎಂದೂ ಋಣವಾಗಬಾರದು. ಹಾಗೇನಾದರೂ ಆಗಿಬಿಟ್ಟರೆ ಅದು ‘ತಪ್ಪು’ ಎಂದೇ ಕಣ್ಣಿಗೆ ಬೀಳುತ್ತದೆ.

ಪಟ್ಟಿಯಲ್ಲಿ ಯಾರದಾದರೂ ಹುಟ್ಟಿದ ದಿನಾಂಕ ಇನ್ನೂ ಸಿಕ್ಕಿಲ್ಲ, B ಕಾಲಂನ ಆ ಕೋಶ ಖಾಲಿ ಇದೆ ಎನ್ನಿ. ಅಲ್ಲಿ ದೋಷದ ಸಂದೇಶ ಬರುತ್ತದೆ ಎಂದುಕೊಂಡರೆ ಅದು ಬರುವುದಿಲ್ಲ. 31-12-2025, ಇನ್ನು 11 ದಿನ ಎಂದು ನಂಬುವಂಥ ಉತ್ತರವೇ ಬರುತ್ತದೆ. ಖಾಲಿ ಕೋಶವನ್ನು ಎಕ್ಸೆಲ್ 0 ಎಂದು ಓದುತ್ತದೆ. 0 ಎಂದರೆ ಅದರ ಲೆಕ್ಕದಲ್ಲಿ 1900ರ ಜನವರಿ ‘ಸೊನ್ನೆ’ ತಾರೀಖು, ಜನವರಿ ಸೊನ್ನೆ ಎಂದರೆ ಅದರ ಹಿಂದಿನ ದಿನ, ಡಿಸೆಂಬರ್ 31. ಪಟ್ಟಿಯಲ್ಲಿ ಡಿಸೆಂಬರ್ 31ಕ್ಕೆ ಹುಟ್ಟಿದವರು ಅನುಮಾನ ಬರುವಷ್ಟು ಜನ ಕಂಡರೆ ಮೊದಲು ಖಾಲಿ ಕೋಶಗಳನ್ನು ಹುಡುಕಿ. ಇದನ್ನು ತಡೆಯಲು ISNUMBER ಎಂಬ ಕಾವಲು ಹಾಕಿದರೆ ಸಾಕು. C ಕಾಲಂ ಬೇಡ, ಎಲ್ಲ ಒಂದೇ ಸೂತ್ರದಲ್ಲಿರಲಿ ಎನ್ನುವವರು D2ರಲ್ಲಿ ಇದನ್ನು ಬಳಸಬಹುದು:

```
=IF(ISNUMBER(B2),
 DATE(YEAR($H$1)+(DATE(YEAR($H$1),MONTH(B2),DAY(B2))<$H$1),
 MONTH(B2),DAY(B2)),"")
```

ಒಳಗಿನ ಹೋಲಿಕೆ ನಿಜವಾದರೆ ಎಕ್ಸೆಲ್ ಅದನ್ನು 1 ಎಂದು, ಸುಳ್ಳಾದರೆ 0 ಎಂದು ವರ್ಷಕ್ಕೆ ಕೂಡಿಸುತ್ತದೆ. ಮೊದಲಿನ IF ಮಾಡುತ್ತಿದ್ದ ಕೆಲಸವೇ ಇದು. ಆಗ E2ರಲ್ಲಿ =IF(D2="","",D2-$H$1) ಎಂದಿರಲಿ. ಹೊಸದಾಗಿ ಕಲಿಯುವವರು ಮೂರು ಕಾಲಂಗಳ ಬಗೆಯಲ್ಲೇ ಇರುವುದು ವಾಸಿ. ಎಲ್ಲಿ ಕೆಟ್ಟಿದೆ ಎಂಬುದು ಅಲ್ಲಿ ನೋಡಿದ ಕೂಡಲೇ ತಿಳಿಯುತ್ತದೆ.

ಇಲ್ಲಿಯವರೆಗಿನದು ಸೂತ್ರದ ಮಾತು. ನಿಜವಾಗಿ ಹೆಚ್ಚು ಪಟ್ಟಿಗಳು ಕೆಡುವುದು B ಕಾಲಂನಲ್ಲೇ. ನಾವು ಬರೆಯುವುದು ತಾರೀಖು, ತಿಂಗಳು, ವರ್ಷ ಎಂಬ ಕ್ರಮದಲ್ಲಿ. ಕಂಪ್ಯೂಟರಿನ ಪ್ರಾದೇಶಿಕ ಸೆಟ್ಟಿಂಗ್ ಅಮೆರಿಕದ್ದಾಗಿದ್ದರೆ ಎಕ್ಸೆಲ್ ಮೊದಲ ಅಂಕಿಯನ್ನು ತಿಂಗಳೆಂದು ಓದುತ್ತದೆ. ಆಗ ಕಾರ್ನಾಡರ 19-05-1938 ದಿನಾಂಕವಾಗುವುದೇ ಇಲ್ಲ, ಏಕೆಂದರೆ 19ನೇ ತಿಂಗಳೆಂಬುದಿಲ್ಲ. ಅದು ಪಠ್ಯವಾಗಿ ಕೋಶದ ಎಡಕ್ಕೆ ಅಂಟಿಕೊಂಡು ಕೂರುತ್ತದೆ, ಸೂತ್ರ #VALUE! ಎನ್ನುತ್ತದೆ. ಇದು ಕಣ್ಣಿಗೆ ಕಾಣುವ ತಪ್ಪು, ಹಾಗಾಗಿ ಅಪಾಯ ಕಡಿಮೆ. ತೇಜಸ್ವಿ ಅವರ 08-09-1938 ಮಾತ್ರ ಸದ್ದಿಲ್ಲದೆ ಆಗಸ್ಟ್ 9 ಆಗಿಬಿಡುತ್ತದೆ. ಕೋಶದಲ್ಲಿ ಮೊದಲಿನ ಅಂಕಿಗಳೇ ಕಾಣುತ್ತವೆ, ದೋಷದ ಸಂದೇಶವಿಲ್ಲ, ಉಳಿದ ದಿನ 262ರ ಬದಲು 232 ಬಂದಿರುತ್ತದೆ. ಒಂದು ತಿಂಗಳು ಮುಂಚೆ ಹೂವಿನ ಹಾರ ತಂದಂತಾಯಿತು.

ಗುರುತಿಸುವುದು ಹೇಗೆ? ತಾರೀಖು 12ರೊಳಗಿದ್ದರೆ ಮಾತ್ರ ಹೀಗೆ ಅದಲುಬದಲಾಗಲು ಸಾಧ್ಯ. ಆದ್ದರಿಂದ ಒಂದೇ ಕಾಲಂನಲ್ಲಿ ಕೆಲವು ದಿನಾಂಕ ಬಲಕ್ಕೆ, ಕೆಲವು ಎಡಕ್ಕೆ ನಿಂತಿದ್ದು, ಎಡಕ್ಕೆ ನಿಂತವೆಲ್ಲ 13ರಿಂದ 31ರೊಳಗಿನ ತಾರೀಖುಗಳಾಗಿದ್ದರೆ, ಬಲಕ್ಕಿರುವವೆಲ್ಲ ಅದಲುಬದಲಾಗಿವೆ ಎಂದೇ ಅರ್ಥ. ಎಡಕ್ಕಿರುವುದನ್ನು ಮಾತ್ರ ತಿದ್ದಿ ಸುಮ್ಮನಾಗುವುದು ಇಲ್ಲಿ ಎಲ್ಲರೂ ಮಾಡುವ ತಪ್ಪು. ಅನುಮಾನವಿದ್ದಲ್ಲಿ ಪಕ್ಕದ ಖಾಲಿ ಕೋಶದಲ್ಲಿ =TEXT(B5,"d mmmm yyyy") ಹಾಕಿ ತಿಂಗಳ ಹೆಸರು ಅಕ್ಷರದಲ್ಲಿ ಬರುವಂತೆ ಮಾಡಿ ನೋಡಿ. ಹೆಸರು ಸುಳ್ಳು ಹೇಳುವುದಿಲ್ಲ.

ದಿನಾಂಕಗಳನ್ನು ಮತ್ತೆ ತರಲು ಸಾಧ್ಯವಿದ್ದರೆ ಅದೇ ಉತ್ತಮ. ಮೊದಲು B ಕಾಲಂ ಆಯ್ದು ಅದರ ರೂಪವನ್ನು Text ಮಾಡಿ, ಆಮೇಲೆ ದಿನಾಂಕಗಳನ್ನು ಬರೀ ಮೌಲ್ಯವಾಗಿ ಅಂಟಿಸಿ. ಆಗ ಎಲ್ಲವೂ ಪಠ್ಯವಾಗಿಯೇ ಉಳಿಯುತ್ತವೆ, ಯಾವುದೂ ಅದಲುಬದಲಾಗುವುದಿಲ್ಲ. ನಂತರ Data ಟ್ಯಾಬ್‌ನಲ್ಲಿ Text to Columns ಒತ್ತಿ, ಮೂರನೇ ಹಂತದಲ್ಲಿ Date ಆರಿಸಿ ಅದರ ಪಕ್ಕ DMY ಎಂದು ಕೊಟ್ಟು Finish ಮಾಡಿ. ಮೂಲ ಸಿಗುವುದಿಲ್ಲ, ಕೆಟ್ಟ ಪಟ್ಟಿಯೇ ಕೈಯಲ್ಲಿರುವುದು ಎಂದಾದರೆ ಪಕ್ಕದ ಕಾಲಂನಲ್ಲಿ ಈ ಸೂತ್ರದಿಂದ ತಿರುಗಿಸಿಕೊಳ್ಳಬಹುದು:

```
=IF(ISNUMBER(B2),DATE(YEAR(B2),DAY(B2),MONTH(B2)),
 DATE(RIGHT(B2,4),MID(B2,4,2),LEFT(B2,2)))
```

ಬಲಕ್ಕಿರುವ ದಿನಾಂಕಗಳಲ್ಲಿ ತಾರೀಖನ್ನೂ ತಿಂಗಳನ್ನೂ ಅದಲುಬದಲು ಮಾಡುತ್ತದೆ, ಎಡಕ್ಕಿರುವ ಪಠ್ಯದಿಂದ ಅಂಕಿಗಳನ್ನು ಕತ್ತರಿಸಿ ಜೋಡಿಸುತ್ತದೆ. ಇಡೀ ಕಾಲಂ ಒಂದೇ ರೀತಿ ಕೆಟ್ಟಿದೆ ಎಂಬುದು ಖಚಿತವಿದ್ದರೆ ಮಾತ್ರ ಇದನ್ನು ಹಾಕಬೇಕು. ಅರ್ಧ ಪಟ್ಟಿಯನ್ನು ಯಾರೋ ಈಗಾಗಲೇ ತಿದ್ದಿದ್ದರೆ ಸರಿಯಿದ್ದದ್ದನ್ನೂ ಇದು ಕೆಡಿಸುತ್ತದೆ. ಪಠ್ಯದಲ್ಲಿ 5-8-1990 ಎಂದು ಒಂದೇ ಅಂಕಿ ಇದ್ದರೂ ಕತ್ತರಿಸುವ ಜಾಗ ತಪ್ಪುತ್ತದೆ, 05-08-1990 ಎಂಬ ಹತ್ತು ಅಕ್ಷರದ ರೂಪವೇ ಬೇಕು.

ಈಗ ನಮ್ಮ ಪಟ್ಟಿಗೆ ಬೇಂದ್ರೆಯವರನ್ನು ಸೇರಿಸಿ: 31-01-1896. ಸೆಟ್ಟಿಂಗ್ ಎಷ್ಟೇ ಸರಿಯಿದ್ದರೂ ಇದು ಎಡಕ್ಕೇ ನಿಲ್ಲುತ್ತದೆ. ಎಕ್ಸೆಲ್‌ನ ದಿನಾಂಕದ ಎಣಿಕೆ ಶುರುವಾಗುವುದೇ 1900ರಿಂದ, ಅದಕ್ಕೆ ಹಿಂದಿನದು ಅದಕ್ಕೆ ಬರಿಯ ಅಕ್ಷರಗಳು. ಜಯಂತಿಗಳ ಪಟ್ಟಿ ಮಾಡುವವರಿಗೆ ಇದು ಮೇಲಿಂದ ಮೇಲೆ ಎದುರಾಗುತ್ತದೆ. ವರ್ಷವನ್ನು 1996 ಎಂದು ಬದಲಿಸಿ ಕೆಲಸ ಸಾಗಿಸುವವರಿದ್ದಾರೆ. ಹಾಗೆ ಮಾಡಬೇಡಿ. ನಾಳೆ ಅದೇ ಹಾಳೆಯಿಂದ ಎಷ್ಟನೆಯ ಜನ್ಮದಿನ ಎಂದು ಲೆಕ್ಕ ಹಾಕುವವರು ನೂರು ವರ್ಷ ತಪ್ಪುತ್ತಾರೆ. ಹುಟ್ಟುಹಬ್ಬಕ್ಕೆ ಬೇಕಾದದ್ದು ತಾರೀಖು, ತಿಂಗಳು ಎರಡೇ. ಅವನ್ನು ಪಠ್ಯದಿಂದಲೇ ತೆಗೆದುಕೊಳ್ಳಬಹುದು. ಬೇಂದ್ರೆಯವರು ಆರನೇ ಸಾಲಿನಲ್ಲಿದ್ದರೆ C6, D6 ಹೀಗಿರಲಿ:

```
=DATE(YEAR($H$1),MID(B6,4,2),LEFT(B6,2))
=IF(C6<$H$1,DATE(YEAR($H$1)+1,MID(B6,4,2),LEFT(B6,2)),C6)
```

2025ರ ಡಿಸೆಂಬರ್ 20ಕ್ಕೆ ಇದು 31-01-2026, ಇನ್ನು 42 ದಿನ ಎಂದು ಸರಿಯಾಗಿ ಹೇಳುತ್ತದೆ. ಎಷ್ಟನೆಯದು ಎಂದು ಬೇಕಾದರೆ =YEAR(D6)-RIGHT(B6,4), ಉತ್ತರ 130.

ಕೊನೆಗೆ ಉಳಿದದ್ದು ಫೆಬ್ರುವರಿ 29. ನೃತ್ಯಗಾತಿ ರುಕ್ಮಿಣಿ ದೇವಿ ಅರುಂಡೇಲ್ ಹುಟ್ಟಿದ್ದು 29-02-1904ರಂದು. 2026ರಲ್ಲಿ ಫೆಬ್ರುವರಿ 29 ಇಲ್ಲ. DATE(2026,2,29) ಎಂದು ಕೇಳಿದರೆ ಎಕ್ಸೆಲ್ ತಕರಾರು ಮಾಡದೆ ಒಂದು ದಿನ ಮುಂದಕ್ಕೆ ದಾಟಿ ಮಾರ್ಚ್ 1 ಕೊಡುತ್ತದೆ, ಡಿಸೆಂಬರ್ 20ರಿಂದ 71 ದಿನ. 2028ರಂಥ ಅಧಿಕ ವರ್ಷದಲ್ಲಿ ಫೆಬ್ರುವರಿ 29ನ್ನೇ ಕೊಡುತ್ತದೆ. ಸೂತ್ರವಂತೂ ಎಲ್ಲೂ ಮುರಿಯುವುದಿಲ್ಲ. ಆದರೆ ಫೆಬ್ರುವರಿಯಲ್ಲಿ ಹುಟ್ಟಿದವರ ಹಬ್ಬ ಫೆಬ್ರುವರಿಯಲ್ಲೇ ಆಗಬೇಕು ಎನ್ನುವ ಮನೆಗಳೂ ಇವೆ. ಅವರಿಗೆ EDATE ಹೊಂದುತ್ತದೆ. ಇದು ಒಂದು ದಿನಾಂಕಕ್ಕೆ ಇಷ್ಟು ತಿಂಗಳು ಕೂಡಿಸುತ್ತದೆ, ಆ ತಾರೀಖು ಆ ತಿಂಗಳಲ್ಲಿಲ್ಲದಿದ್ದರೆ ತಿಂಗಳ ಕೊನೆಯ ದಿನಕ್ಕೆ ನಿಲ್ಲುತ್ತದೆ. ಅಂಥವರ ಸಾಲಿನಲ್ಲಿ C, D ಕಾಲಂಗಳು ಹೀಗೆ:

```
=EDATE(B7,12*(YEAR($H$1)-YEAR(B7)))
=IF(C7<$H$1,EDATE(B7,12*(YEAR($H$1)-YEAR(B7)+1)),C7)
```

ಇದರಲ್ಲಿ 28-02-2026, 70 ದಿನ ಬರುತ್ತದೆ. ಎರಡನೇ ಸೂತ್ರದಲ್ಲೂ ಎಣಿಕೆ B7ರಿಂದಲೇ ಶುರುವಾಗಿರುವುದನ್ನು ಗಮನಿಸಿ. C7ಕ್ಕೆ 12 ತಿಂಗಳು ಕೂಡಿಸಿದರೂ ಸಾಕಲ್ಲ ಎನ್ನಿಸಬಹುದು. ಆದರೆ C7 ಈಗಾಗಲೇ 28-02-2027ಕ್ಕೆ ಇಳಿದಿದ್ದರೆ, ಅದಕ್ಕೆ 12 ತಿಂಗಳು ಕೂಡಿಸಿದಾಗ 28-02-2028 ಬರುತ್ತದೆ, ನಾಲ್ಕು ವರ್ಷಕ್ಕೊಮ್ಮೆ ಬರುವ ನಿಜವಾದ 29 ತಪ್ಪಿಹೋಗುತ್ತದೆ.

ಇದೇ ಕೆಲಸಕ್ಕೆ ಬಹಳ ಜನ ಬಳಸುವ ಇನ್ನೊಂದು ಸೂತ್ರವಿದೆ. DATEDIF ಮೂಲಕ ನಿನ್ನೆಯವರೆಗೆ ತುಂಬಿದ ವರ್ಷಗಳನ್ನು ಎಣಿಸಿ, ಒಂದು ಸೇರಿಸಿ, EDATEಗೆ ಕೊಡುವುದು. ಉಳಿದೆಲ್ಲ ದಿನಾಂಕಗಳಿಗೆ ಅದು ಸರಿಯೇ. ಫೆಬ್ರುವರಿ 29ರವರ ಸಾಲಿನಲ್ಲಿ ಮಾತ್ರ, ಅಧಿಕವಲ್ಲದ ವರ್ಷದ ಮಾರ್ಚ್ 1ರಂದು −1 ದಿನ ತೋರಿಸುತ್ತದೆ. ಫೆಬ್ರುವರಿ 28ಕ್ಕೆ ವರ್ಷ ತುಂಬಿಲ್ಲ ಎಂದು DATEDIF ಎನ್ನುತ್ತದೆ, ಫೆಬ್ರುವರಿ 28ಕ್ಕೇ ಹಬ್ಬ ಎಂದು EDATE ಎನ್ನುತ್ತದೆ. ಎರಡರ ಮಾತು ಆ ಒಂದು ದಿನ ಕೂಡುವುದಿಲ್ಲ. ಮೇಲೆ ಹಾಕಿಟ್ಟ ‘ತಪ್ಪು’ ಎಂಬ ತೋರಿಕೆ ಅಂದು ಕೆಲಸಕ್ಕೆ ಬರುತ್ತದೆ.

ಈ ಸೂತ್ರಗಳಲ್ಲಿ ಹೆಚ್ಚಿನವು ಗೂಗಲ್ ಶೀಟ್ಸ್‌ನಲ್ಲೂ ಹಾಗೆಯೇ ನಡೆಯುತ್ತವೆ. ಅಲ್ಲಿ ನೋಡಬೇಕಾದದ್ದು ಗಡಿಯಾರ. ಎಕ್ಸೆಲ್‌ನ TODAY() ನಿಮ್ಮ ಕಂಪ್ಯೂಟರಿನ ದಿನಾಂಕವನ್ನು ನಂಬುತ್ತದೆ, ಶೀಟ್ಸ್‌ನದು ಆ ಹಾಳೆಗೆ ಗೊತ್ತುಮಾಡಿದ ಸಮಯವಲಯವನ್ನು. ಕ್ಯಾಲಿಫೋರ್ನಿಯಾದಲ್ಲಿರುವ ಕನ್ನಡ ಬಳಗದವರೊಬ್ಬರು ಮಾಡಿದ ಹಾಳೆಯನ್ನು ಬೆಂಗಳೂರಿನಲ್ಲಿ ಬೆಳಿಗ್ಗೆ ಹತ್ತಕ್ಕೆ ತೆರೆದರೆ ಅಲ್ಲಿ ಇನ್ನೂ ಹಿಂದಿನ ದಿನದ ರಾತ್ರಿ. ಹುಟ್ಟುಹಬ್ಬ ಇಂದೇ ಇದ್ದರೂ ಹಾಳೆ 1 ದಿನ ಎನ್ನುತ್ತಿರುತ್ತದೆ, ಮಧ್ಯಾಹ್ನದ ಹೊತ್ತಿಗೆ ತಾನೇ 0 ಆಗುತ್ತದೆ. File ಮೆನುವಿನ Settings ತೆರೆದು Time zone ಎಂಬಲ್ಲಿ ಭಾರತದ ಸಮಯ ಆರಿಸಿ. ಅದೇ ಪುಟದ Locale ಕೂಡ India ಎಂದಿದ್ದರೆ, ಟೈಪ್ ಮಾಡಿದ 08-09-1938 ಸೆಪ್ಟೆಂಬರ್ 8 ಆಗಿಯೇ ಉಳಿಯುತ್ತದೆ.